ಬಾಡಿಗೆ ಇಳಿಸುವುದು ಕೋರಿಕೆಯಲ್ಲ, ಲೆಕ್ಕ

ಬೆಂಗಳೂರಿನಲ್ಲಿ ಮನೆ ಹುಡುಕುವವರು ಓನರ್ ಎದುರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: 'ಸ್ವಲ್ಪ ಕಡಿಮೆ ಮಾಡ್ಕೊಳ್ಳಿ ಸಾರ್.' ಅದಕ್ಕೆ ಬರುವ ಉತ್ತರವೂ ಹೆಚ್ಚುಕಡಿಮೆ ಒಂದೇ: 'ಇದೇ ಕಡಿಮೆ, ಪಕ್ಕದ ಮನೆಯವರು ಇನ್ನೂ ಜಾಸ್ತಿ ತಗೋತಿದಾರೆ.' ಮಾತುಕತೆ ಅಲ್ಲಿಗೇ ನಿಂತುಬಿಡುತ್ತದೆ. ನಿಲ್ಲುವುದಕ್ಕೆ ಕಾರಣವೂ ಇದೆ. ಬಾಡಿಗೆದಾರ ಏನೋ ಕೇಳಿದ, ಬದಲಿಗೆ ಏನನ್ನೂ ಕೊಡಲಿಲ್ಲ.

ಹಣ ಖರ್ಚು ಮಾಡದೆ ಬಾಡಿಗೆದಾರ ಕೊಡಬಹುದಾದದ್ದು ಎರಡಿವೆ. ಒಂದು, ಹೆಚ್ಚು ಕಾಲ ಇರುತ್ತೇನೆ ಎಂಬ ಭರವಸೆ. ಇನ್ನೊಂದು, ಓನರ್‌ಗೆ ಅನುಕೂಲವಾದ ದಿನದಿಂದಲೇ ಮನೆಗೆ ಬರುತ್ತೇನೆ ಎಂಬ ಒಪ್ಪಿಗೆ. ಇವೆರಡಕ್ಕೂ ರೂಪಾಯಿಯಲ್ಲಿ ಬೆಲೆ ಕಟ್ಟಬಹುದು. ಆ ಬೆಲೆ ಎಷ್ಟೆಂದು ತಿಳಿದುಕೊಂಡು ಮಾತಿಗೆ ಕೂತರೆ ಚೌಕಾಸಿಯ ಸ್ವರೂಪವೇ ಬದಲಾಗುತ್ತದೆ.

ಈ ಲೆಕ್ಕ ಬಾಡಿಗೆದಾರನಿಗೆ ಬಹಳ ಮುಖ್ಯ, ಏಕೆಂದರೆ ಬಾಡಿಗೆಯ ಮೊತ್ತದ ವಿಷಯದಲ್ಲಿ ಕಾನೂನಿನ ಆಸರೆ ಇಲ್ಲವೆಂದೇ ಹೇಳಬೇಕು. ಕರ್ನಾಟಕ ಬಾಡಿಗೆ ಅಧಿನಿಯಮ 1999 ಬೆಂಗಳೂರಿನಂಥ ನಗರದಲ್ಲಿ ಅನ್ವಯಿಸುವುದು ತಿಂಗಳ ಬಾಡಿಗೆ 3,500 ರೂಪಾಯಿ ಮೀರದ ಮನೆಗಳಿಗೆ ಮಾತ್ರ. ಆ ದರದಲ್ಲಿ ಇವತ್ತು ಸಂಸಾರ ಹೂಡುವಂಥ ಮನೆ ಸಿಗುವುದಿಲ್ಲ. ಉಳಿದೆಲ್ಲ ಮನೆಗಳ ಬಾಡಿಗೆ ಓನರ್ ಮತ್ತು ಬಾಡಿಗೆದಾರ ಕೂತು ಒಪ್ಪಿಕೊಂಡದ್ದಷ್ಟೇ. ಹಾಗಾಗಿ ಮನೆ ಸೇರುವ ಮುಂಚೆ ನಡೆಯುವ ಹತ್ತು ನಿಮಿಷದ ಮಾತೇ ಮುಂದಿನ ಎರಡು ವರ್ಷದ ಖರ್ಚನ್ನು ತೀರ್ಮಾನಿಸುತ್ತದೆ.

ಮೊದಲು ಓನರ್ ಕಡೆಯಿಂದ ನೋಡೋಣ. ಒಂದು ಸಂಸಾರ ಖಾಲಿ ಮಾಡಿ ಇನ್ನೊಂದು ಬರುವಷ್ಟರಲ್ಲಿ ಆತ ಏನೇನು ಕಳೆದುಕೊಳ್ಳುತ್ತಾನೆ? ದೊಡ್ಡ ನಷ್ಟ ಮನೆ ಖಾಲಿ ಬಿದ್ದಿರುವ ದಿನಗಳದ್ದು. ಪೇಂಟಿಂಗ್, ಕ್ಲೀನಿಂಗ್, ಮನೆ ತೋರಿಸುವುದು, ಬಂದವರು ಯೋಚಿಸಿ ಹೇಳುತ್ತೇವೆ ಎಂದು ಹೋಗುವುದು, ಇಷ್ಟರಲ್ಲಿ ಒಂದು ತಿಂಗಳು ಸುಲಭವಾಗಿ ಜಾರಿಹೋಗುತ್ತದೆ. ಬ್ರೋಕರ್ ಮೂಲಕ ಕೊಡುವ ಓನರ್ ಕೆಲವೊಮ್ಮೆ ತಾನೂ ಕಮಿಷನ್ ಕೊಡಬೇಕಾಗುತ್ತದೆ. ನಲ್ಲಿ, ಸ್ವಿಚ್ಚು, ಗೀಸರ್, ಬಾತ್‌ರೂಮ್ ಬಾಗಿಲು ಎಂದು ಸಣ್ಣಪುಟ್ಟ ರಿಪೇರಿಗಳೂ ಇರುತ್ತವೆ. ಪೇಂಟಿಂಗ್ ಖರ್ಚನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಬೇಡಿ. ಬೆಂಗಳೂರಿನ ರೂಢಿಯಲ್ಲಿ ಅದನ್ನು ಖಾಲಿ ಮಾಡುವವರ ಅಡ್ವಾನ್ಸಿನಿಂದ ಹಿಡಿದುಕೊಳ್ಳುವುದೇ ಹೆಚ್ಚು. ಓನರ್ ಜೇಬಿನಿಂದ ಹೋಗದ ಹಣವನ್ನು ಉಳಿಸಿಕೊಡುತ್ತೇನೆ ಎಂದರೆ ಆತ ಯಾಕೆ ಕೇಳುತ್ತಾನೆ?

ಈಗ ಒಂದು ಉದಾಹರಣೆ. ವಿಜಯನಗರದಲ್ಲಿ ಮೊದಲ ಮಹಡಿಯ ಎರಡು ಬೆಡ್‌ರೂಮಿನ ಮನೆ ಎಂದುಕೊಳ್ಳಿ. ಕೇಳುತ್ತಿರುವ ಬಾಡಿಗೆ 28,000 ರೂಪಾಯಿ, ವರ್ಷಕ್ಕೆ ಶೇ. 5 ಏರಿಕೆ. ಬಾಡಿಗೆದಾರರು ಬದಲಾದರೆ ಓನರ್‌ಗೆ ಒಂದು ತಿಂಗಳ ಬಾಡಿಗೆ 28,000, ಬ್ರೋಕರ್‌ಗೆ ಅರ್ಧ ತಿಂಗಳದ್ದು 14,000, ರಿಪೇರಿಗೆ 8,000, ಒಟ್ಟು 50,000 ರೂಪಾಯಿ ಹೋಗುತ್ತದೆ. ಎರಡು ವರ್ಷ ಇರುತ್ತೇವೆ ಎನ್ನುವ ಬಾಡಿಗೆದಾರರು ನಡುವೆ ಒಮ್ಮೆ ಆಗಬಹುದಾದ ಈ ನಷ್ಟವನ್ನು ತಪ್ಪಿಸುತ್ತಾರೆ. 50,000ವನ್ನು 24 ತಿಂಗಳಿಗೆ ಹಂಚಿದರೆ ತಿಂಗಳಿಗೆ ಎರಡು ಸಾವಿರದ ಮೇಲೆ ಸ್ವಲ್ಪ ಬರುತ್ತದೆ.

ಹಾಗೆಂದು ತಿಂಗಳಿಗೆ ಎರಡು ಸಾವಿರ ಕಡಿಮೆ ಮಾಡಿಸಿಕೊಳ್ಳಬಹುದು ಎಂದುಕೊಂಡರೆ ತಪ್ಪಾಗುತ್ತದೆ. ನೀವಲ್ಲದೆ ಬೇರೆಯವರು ಬಂದರೂ ಅವರು ಹನ್ನೊಂದೇ ತಿಂಗಳಿಗೆ ಹೋಗಿಬಿಡುತ್ತಾರೆ ಎಂದೇನಿಲ್ಲ. ಎರಡು ವರ್ಷ ಇರಲೂಬಹುದು, ಅದೂ ಪೂರ್ತಿ ಬಾಡಿಗೆ ಕೊಟ್ಟು. ಅವರು ನಡುವೆ ಬಿಟ್ಟುಹೋಗುವ ಸಾಧ್ಯತೆ ಅರ್ಧಕ್ಕರ್ಧ ಎಂದಿಟ್ಟುಕೊಂಡರೆ ನಿಮ್ಮ ಭರವಸೆಯ ಬೆಲೆಯೂ ಅರ್ಧಕ್ಕೆ ಇಳಿಯುತ್ತದೆ. ಅಂದರೆ 25,000, ತಿಂಗಳಿಗೆ ಸುಮಾರು ಒಂದು ಸಾವಿರ. ಈ ಸಾಧ್ಯತೆಯನ್ನು ಊಹಿಸುವ ದಾರಿಯೂ ಇದೆ. ಮನೆ ನೋಡಲು ಹೋದಾಗ 'ಹಿಂದೆ ಇದ್ದವರು ಎಷ್ಟು ವರ್ಷ ಇದ್ದರು, ಅವರಿಗಿಂತ ಮುಂಚೆ ಇದ್ದವರು ಎಷ್ಟು ದಿನ ಇದ್ದರು' ಎಂದು ಸಹಜವಾಗಿ ಕೇಳಿ. 'ಎಂಟು ತಿಂಗಳಿಗೇ ಹೋಗಿಬಿಟ್ಟರು, ಅವರಿಗಿಂತ ಮುಂಚಿನವರೂ ಅಷ್ಟೇ' ಎಂಬ ಉತ್ತರ ಬಂದರೆ ನಿಮ್ಮ ಎರಡು ವರ್ಷಕ್ಕೆ ಅಲ್ಲಿ ಒಳ್ಳೆಯ ಬೆಲೆ ಇದೆ. 'ಆರು ವರ್ಷ ಇದ್ದರು, ಸ್ವಂತ ಮನೆ ಕಟ್ಟಿಕೊಂಡು ಹೋದರು' ಎಂದರೆ ಆ ಓನರ್‌ಗೆ ಹೆಚ್ಚು ಕಾಲ ಇರುವವರು ಸಿಗುವುದು ದೊಡ್ಡದಲ್ಲ. ಅಲ್ಲಿ ಬೇರೆ ಮಾತು ಹುಡುಕಬೇಕು.

ಇನ್ನೊಂದು ಸಂಗತಿ. ಹನ್ನೊಂದು ತಿಂಗಳು ಇರುತ್ತೇನೆ ಎನ್ನುವುದು ಭರವಸೆಯೇ ಅಲ್ಲ, ಬೆಂಗಳೂರಿನ ಕರಾರುಗಳು ಹೇಗೂ ಅಷ್ಟಕ್ಕೇ ಆಗುತ್ತವೆ. ಓನರ್‌ಗೆ ಲಾಭ ಶುರುವಾಗುವುದು ಎರಡನೇ ವರ್ಷದಿಂದ.

ಇನ್ನು ದಿನಾಂಕದ ವಿಷಯ. ಹೆಚ್ಚು ಕಾಲ ಇರುವ ಮಾತು ಮುಂದೆ ಸಿಗಬಹುದಾದ ಹಣ. ಮನೆಗೆ ಬೇಗ ಬರುವ ಮಾತು ಓನರ್ ಕೈಗೆ ಈಗಲೇ ಬರುವ ಹಣ, ಅದರಲ್ಲಿ ಊಹೆ ಇಲ್ಲ. ಖಾಲಿ ಇರುವ ಮನೆಗೆ ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಬರುತ್ತೇನೆ ಎನ್ನುವವರೇ ಎಲ್ಲರೂ. ಈ ತಿಂಗಳ ಹತ್ತನೇ ತಾರೀಖಿನಿಂದಲೇ ಬಾಡಿಗೆ ಕೊಡುತ್ತೇನೆ ಎನ್ನುವವರು ಓನರ್‌ಗೆ ಮೂರು ವಾರದ ಬಾಡಿಗೆ ಉಳಿಸಿಕೊಟ್ಟ ಹಾಗೆ.

ಇದಕ್ಕೆ ನಮ್ಮಲ್ಲಿ ಒಂದು ವಿಶೇಷ ಕಾಲವಿದೆ, ಅದು ಆಷಾಢ. ಸಾಮಾನ್ಯವಾಗಿ ಜೂನ್ ಕೊನೆಗೋ ಜುಲೈನಲ್ಲೋ ಶುರುವಾಗುವ ಆ ತಿಂಗಳಲ್ಲಿ ಹೊಸ ಮನೆಗೆ ಹೋಗಲು ಬಹಳಷ್ಟು ಜನ ಒಪ್ಪುವುದಿಲ್ಲ. ಪಿತೃಪಕ್ಷದಲ್ಲೂ ಧನುರ್ಮಾಸದಲ್ಲೂ ಹೀಗೆಯೇ. ಮೇ ತಿಂಗಳಲ್ಲಿ ಶಾಲೆ ಶುರುವಾಗುವ ಮುಂಚೆ ಮನೆಗಳಿಗೆ ನೂಕುನುಗ್ಗಲು ಇದ್ದರೆ, ಆಷಾಢದಲ್ಲಿ ಖಾಲಿಯಾದ ಮನೆಯ ಓನರ್ ಶ್ರಾವಣಕ್ಕೆ ಕಾಯುತ್ತಾ ಕೂರಬೇಕು. ಅಂಥ ಸಮಯದಲ್ಲಿ ಬರಲು ನಿಮಗೆ ಅಡ್ಡಿ ಇಲ್ಲದಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ, ಓನರ್ ಊಹಿಸಿಕೊಳ್ಳುವುದಿಲ್ಲ. ಮನೆಯ ಹಿರಿಯರಿಗೆ ಆಷಾಢ ಬೇಡವೆನಿಸಿದರೆ ಅದಕ್ಕೂ ರೂಢಿಯಲ್ಲೇ ದಾರಿ ಇದೆ. ಆಷಾಢ ಹುಟ್ಟುವ ಮುಂಚೆಯೇ ಒಳ್ಳೆಯ ದಿನ ನೋಡಿ ಹಾಲು ಉಕ್ಕಿಸಿಬಿಟ್ಟು, ಸಾಮಾನು ಸಾಗಿಸುವುದನ್ನು ಆಮೇಲೆ ಇಟ್ಟುಕೊಳ್ಳುತ್ತಾರೆ.

ನಮ್ಮ ವಿಜಯನಗರದ ಮನೆ ಜೂನ್ ಮಧ್ಯದಲ್ಲಿ ಖಾಲಿಯಾಗಿದೆ, ಪೇಂಟಿಂಗ್ ಮುಗಿದಿದೆ, ಜುಲೈ ಬಹುಪಾಲು ಆಷಾಢ ಎಂದುಕೊಳ್ಳಿ. ಓನರ್ ಮನಸ್ಸಿನಲ್ಲಿ ಆಗಸ್ಟ್ ಒಂದಕ್ಕೆ ಮುಂಚೆ ಯಾರೂ ಬರುವುದಿಲ್ಲ ಎಂದಿದೆ. ನೀವು ಜುಲೈ ಹತ್ತರಿಂದಲೇ ಬಾಡಿಗೆ ಶುರು ಮಾಡಿದರೆ ಆತನಿಗೆ ಸುಮಾರು 19,000 ರೂಪಾಯಿ ಬರುತ್ತದೆ. 24 ತಿಂಗಳಿಗೆ ಹಂಚಿದರೆ ತಿಂಗಳಿಗೆ 800ರ ಆಸುಪಾಸು.

ಇಲ್ಲಿ ಬಹಳ ಜನ ಎಡವುತ್ತಾರೆ. ಬೇಗ ಬರುವುದು ಲಾಭವಾಗುವುದು ನಿಮಗೆ ಅದರಿಂದ ಖರ್ಚಾಗದಿದ್ದರೆ ಮಾತ್ರ. ಹಳೆಯ ಮನೆಗೆ ನೋಟಿಸ್ ಅವಧಿಯ ಬಾಡಿಗೆಯನ್ನೂ ಕೊಡುತ್ತಾ ಹೊಸ ಮನೆಗೂ ಮೂರು ವಾರ ಬಾಡಿಗೆ ಕೊಟ್ಟರೆ, ತಿಂಗಳಿಗೆ 800ರಂತೆ ಎರಡು ವರ್ಷದಲ್ಲಿ ಉಳಿಸುವ ಹಣವನ್ನು ಮೊದಲ ತಿಂಗಳಲ್ಲೇ ಕೊಟ್ಟುಬಿಟ್ಟಂತೆ. ಆದ್ದರಿಂದ ಹೊಸ ಓನರ್ ಹತ್ತಿರ ದಿನಾಂಕದ ಮಾತಾಡುವ ಮುಂಚೆ ಹಳೆಯ ಓನರ್ ಹತ್ತಿರ ಮಾತಾಡಿ. ಅವರಿಗೆ ಬೇರೆ ಬಾಡಿಗೆದಾರರು ಸಿಕ್ಕಿದ್ದರೆ ಇದ್ದಷ್ಟು ದಿನಕ್ಕೆ ಮಾತ್ರ ಬಾಡಿಗೆ ಹಿಡಿದುಕೊಂಡು ಬಿಡಬಹುದು. ಊರಿನಿಂದ ಹೊಸದಾಗಿ ಕೆಲಸಕ್ಕೆ ಬರುವವರಿಗೆ, ನೆಂಟರ ಮನೆಯಲ್ಲೋ ಪಿ.ಜಿ.ಯಲ್ಲೋ ಇರುವವರಿಗೆ ಈ ವಿಷಯದಲ್ಲಿ ಅನುಕೂಲ ಹೆಚ್ಚು.

ದಿನಾಂಕದ ಅನುಕೂಲ ಬೇಗ ಬರುವುದರಲ್ಲಿ ಮಾತ್ರ ಇಲ್ಲ, ಕಾಯುವುದರಲ್ಲೂ ಇದೆ. ಈಗಿರುವವರು ಮುಂದಿನ ತಿಂಗಳ ಇಪ್ಪತ್ತಕ್ಕೆ ಖಾಲಿ ಮಾಡುತ್ತಾರೆ, ಆಮೇಲೆ ಕಿಚನ್ ಕೆಲಸ ಹತ್ತು ದಿನ ಇದೆ ಎನ್ನುವ ಓನರ್‌ಗೆ, ಆ ದಿನಕ್ಕೇ ಬರುತ್ತೇವೆ ಎಂದು ಈಗಲೇ ಟೋಕನ್ ಅಡ್ವಾನ್ಸ್ ಕೊಡುವವರು ಸಿಕ್ಕರೆ ಮನೆ ತೋರಿಸುವ ಓಡಾಟವೂ ತಪ್ಪುತ್ತದೆ, ಒಂದು ದಿನದ ಬಾಡಿಗೆಯೂ ಹೋಗುವುದಿಲ್ಲ. ಹಾಗಾಗಿ ನೀವಾಗಿ ದಿನಾಂಕ ಹೇಳುವ ಬದಲು 'ನಿಮಗೆ ಯಾವತ್ತಿನಿಂದ ಬಂದರೆ ಅನುಕೂಲ' ಎಂದು ಮೊದಲು ಕೇಳಿ. ಉತ್ತರದಲ್ಲೇ ಆತನ ಕಷ್ಟ ಗೊತ್ತಾಗುತ್ತದೆ.

ಎರಡೂ ಸೇರಿದರೆ ನಮ್ಮ ಲೆಕ್ಕ ತಿಂಗಳಿಗೆ 1,800 ರೂಪಾಯಿಗೆ ಬಂದು ನಿಲ್ಲುತ್ತದೆ. ಅಷ್ಟನ್ನೂ ನೀವೇ ತೆಗೆದುಕೊಂಡರೆ ಓನರ್‌ಗೆ ಉಳಿಯುವುದು ಏನೂ ಇಲ್ಲ, ಆತ ಒಪ್ಪಲು ಕಾರಣವೂ ಇಲ್ಲ. ಎರಡು ಸಾವಿರ ಕಡಿಮೆ ಕೇಳಿ, ಒಂದೂವರೆ ಸಾವಿರಕ್ಕೆ ಒಪ್ಪುವುದು ನ್ಯಾಯವಾದ ಜಾಗ. 26,500ಕ್ಕೆ ಒಪ್ಪಂದವಾದರೆ, ಎರಡನೇ ವರ್ಷ ಶೇ. 5 ಏರಿ 27,825 ಆದರೆ, ಎರಡು ವರ್ಷದಲ್ಲಿ ನಿಮಗೆ 36,900 ರೂಪಾಯಿ ಉಳಿಯುತ್ತದೆ. ಓನರ್ ಅಷ್ಟನ್ನು ಬಿಟ್ಟುಕೊಟ್ಟರೂ ಜುಲೈನ ಸುಮಾರು 19,000 ಕೈಗೆ ಬಂದಿರುತ್ತದೆ, ಮನೆ ನಡುವೆ ಖಾಲಿಯಾಗುವ ಭಯದ ಬೆಲೆ 25,000 ತಪ್ಪಿರುತ್ತದೆ. ಆತನಿಗೂ ಏಳು ಸಾವಿರದಷ್ಟು ಮೇಲು. ಇಬ್ಬರಿಗೂ ಗಿಟ್ಟುವ ಒಪ್ಪಂದವಾದ್ದರಿಂದಲೇ ಇದು ಸಾಧ್ಯ.

ಈ ಮಾತನ್ನು ಆಡುವ ಕ್ರಮವೂ ಮುಖ್ಯ. ಮನೆಯನ್ನು ಸರಿಯಾಗಿ ನೋಡಿ, ನೀರು, ಪಾರ್ಕಿಂಗ್, ಮೇಂಟೆನೆನ್ಸ್ ಎಲ್ಲ ವಿಚಾರಿಸಿ, ಮನೆ ಬೇಕು ಎಂದು ನಿಮಗೆ ನಿಶ್ಚಯವಾದ ಮೇಲೆ, ಸಾಧ್ಯವಾದರೆ ಬ್ರೋಕರ್ ಮೂಲಕ ಅಲ್ಲದೆ ಓನರ್ ಎದುರೇ ಮಾತಾಡಿ. ಕೊಡುವುದನ್ನೂ ಕೇಳುವುದನ್ನೂ ಒಂದೇ ಉಸಿರಿನಲ್ಲಿ ಕಟ್ಟಿ ಹೇಳಿ: 'ಸಾರ್, ಮನೆ ನಮಗೆ ಇಷ್ಟವಾಯಿತು. ಮಗಳನ್ನು ಇಲ್ಲೇ ಹತ್ತಿರದ ಶಾಲೆಗೆ ಸೇರಿಸಿದ್ದೇವೆ, ಎರಡು ವರ್ಷ ಕದಲುವುದಿಲ್ಲ. ಆಷಾಢ ಅಂತ ನಾವು ನೋಡೋದಿಲ್ಲ, ಹತ್ತನೇ ತಾರೀಖಿನಿಂದಲೇ ಬಾಡಿಗೆ ಕೊಡುತ್ತೇವೆ. ಎರಡು ವರ್ಷದ ಮಾತನ್ನು ಅಗ್ರಿಮೆಂಟಿನಲ್ಲೂ ಬರೆದುಕೊಡುತ್ತೇವೆ. 26 ಸಾವಿರಕ್ಕೆ ಮಾಡಿಕೊಡಿ.' ಶಾಲೆ, ಹತ್ತಿರದ ಆಫೀಸು, ತಂದೆತಾಯಿ ಪಕ್ಕದ ಬೀದಿಯಲ್ಲಿರುವುದು, ಇಂಥ ಕಾರಣ ಹೇಳಿದರೆ ಮಾತಿಗೆ ತೂಕ ಬರುತ್ತದೆ. ಬರೀ 'ತುಂಬಾ ವರ್ಷ ಇರ್ತೀವಿ' ಎಂಬುದನ್ನು ಓನರ್ ಹಿಂದೆಯೂ ಕೇಳಿರುತ್ತಾನೆ. ಹಾಗೆ ಹೇಳಿದವರು ಖಾಲಿ ಮಾಡಿದ್ದನ್ನೂ ನೋಡಿರುತ್ತಾನೆ.

ಆದ್ದರಿಂದ ಓನರ್ ಮನಸ್ಸಿನಲ್ಲಿ ಏಳುವ ಪ್ರಶ್ನೆ ಇದು: ಬಾಡಿಗೆ ಕಡಿಮೆ ಮಾಡಿಸಿಕೊಂಡು ಒಂಬತ್ತು ತಿಂಗಳಿಗೆ ಹೋಗಿಬಿಟ್ಟರೆ? ಇದಕ್ಕೆ ನೀವೇ ಉತ್ತರ ಕೊಡಬೇಕು. ಸಾಮಾನ್ಯವಾಗಿ ಸೂಚಿಸುವುದು ಲಾಕ್-ಇನ್ ಷರತ್ತು, ಅಂದರೆ ಇಷ್ಟು ತಿಂಗಳವರೆಗೆ ಖಾಲಿ ಮಾಡುವಂತಿಲ್ಲ, ಮಾಡಿದರೆ ಉಳಿದ ಅವಧಿಯ ಬಾಡಿಗೆ ಕೊಡಬೇಕು ಎಂಬುದು. ಇದು ಬಾಡಿಗೆದಾರನಿಗೆ ಭಾರಿ ಹೊರೆ. ಕೆಲಸ ಹೋದರೆ, ವರ್ಗವಾದರೆ, ಲಕ್ಷಗಟ್ಟಲೆ ಅಡ್ವಾನ್ಸ್ ಸಿಕ್ಕಿಕೊಳ್ಳುತ್ತದೆ. ಇದಕ್ಕಿಂತ ಹಗುರವಾದ, ಇಬ್ಬರಿಗೂ ನ್ಯಾಯವಾದ ಷರತ್ತು ಇನ್ನೊಂದಿದೆ. ಎರಡು ವರ್ಷ ತುಂಬುವ ಮುಂಚೆ ನಾವಾಗಿ ಖಾಲಿ ಮಾಡಿದರೆ ಅಲ್ಲಿಯವರೆಗೆ ಪಡೆದ ರಿಯಾಯಿತಿಯನ್ನು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳಬಹುದು ಎಂದು ಬರೆಸುವುದು. ಒಂಬತ್ತು ತಿಂಗಳಿಗೆ ಹೋದರೆ 1,500ರಂತೆ 13,500 ರೂಪಾಯಿ ಬಿಟ್ಟುಕೊಡುತ್ತೀರಿ. ಕೊಟ್ಟ ಮಾತು ಉಳಿಸಿಕೊಳ್ಳದಿದ್ದರೆ ಪೂರ್ತಿ ಬಾಡಿಗೆಯವರಂತೆಯೇ ಆದಿರಿ, ಅದಕ್ಕಿಂತ ಹೆಚ್ಚಿನ ದಂಡವಿಲ್ಲ. ಅದಕ್ಕೆ ಪ್ರತಿಯಾಗಿ, ಎರಡು ವರ್ಷದೊಳಗೆ ಓನರ್ ತಾನಾಗಿ ಖಾಲಿ ಮಾಡಿಸುವಂತಿಲ್ಲ, ಒಪ್ಪಿದ ಶೇ. 5ಕ್ಕಿಂತ ಹೆಚ್ಚು ಏರಿಸುವಂತಿಲ್ಲ ಎಂದೂ ಬರೆಸಿ. ಒಬ್ಬರನ್ನಷ್ಟೇ ಕಟ್ಟಿಹಾಕುವ ಕರಾರಿಗೆ ಸಹಿ ಹಾಕಬೇಡಿ.

ಓನರ್ ಇದಕ್ಕೂ ಅನುಮಾನಿಸಿದರೆ ರಿಯಾಯಿತಿಯನ್ನು ಹಿಂದಕ್ಕೆ ತಳ್ಳಿ. ಮೊದಲ ವರ್ಷ 28,000ವನ್ನೇ ಕೊಡುತ್ತೇವೆ, ಎರಡನೇ ವರ್ಷ ಏರಿಸಬೇಡಿ ಎನ್ನಿ. ನಿಮಗೆ ಉಳಿಯುವುದು 16,800 ಮಾತ್ರ, ಆದರೆ ಓನರ್‌ಗೆ ಅಪಾಯವೇ ಇಲ್ಲ. ನೀವು ಇದ್ದರೆ ಮಾತ್ರ ಆತ ಬಿಟ್ಟುಕೊಡಬೇಕು. ಗಟ್ಟಿ ಮನಸ್ಸಿನ ಓನರುಗಳೂ ಒಪ್ಪುವ ಮಾತು ಇದು.

ಈ ಎರಡು ವರ್ಷವನ್ನು ಕಾಗದದಲ್ಲಿ ಇಳಿಸುವಾಗ ಕಾನೂನಿನ ಒಂದು ಅಂಶ ಗೊತ್ತಿರಬೇಕು. ನೋಂದಣಿ ಅಧಿನಿಯಮ 1908ರ 17ನೇ ಸೆಕ್ಷನ್ ಪ್ರಕಾರ ಒಂದು ವರ್ಷ ಮೀರುವ ಬಾಡಿಗೆ ಕರಾರನ್ನು ಕಡ್ಡಾಯವಾಗಿ ನೋಂದಾಯಿಸಬೇಕು. ಹನ್ನೊಂದು ತಿಂಗಳ ಕರಾರಿನ ರೂಢಿ ಬೆಳೆದದ್ದೇ ಇದನ್ನು ತಪ್ಪಿಸಿಕೊಳ್ಳಲು. ಸ್ಟ್ಯಾಂಪ್ ಪೇಪರ್ ಮೇಲೆ 'ಎರಡು ವರ್ಷ' ಎಂದು ಬರೆದು ನೋಂದಾಯಿಸದೆ ಬಿಟ್ಟರೆ, ತಕರಾರು ಬಂದಾಗ ಆ ಎರಡು ವರ್ಷದ ಅವಧಿಗೆ ನ್ಯಾಯಾಲಯದಲ್ಲಿ ಆಧಾರ ಸಿಗುವುದಿಲ್ಲ. ನಿಮ್ಮದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಎಂದೇ ಪರಿಗಣಿತವಾಗುತ್ತದೆ. ಅಂಥ ಬಾಡಿಗೆಯನ್ನು ಸ್ವತ್ತು ವರ್ಗಾವಣೆ ಅಧಿನಿಯಮದ 106ನೇ ಸೆಕ್ಷನ್ ಪ್ರಕಾರ 15 ದಿನದ ನೋಟಿಸ್ ಕೊಟ್ಟು ಮುಗಿಸಬಹುದು. ಮಗುವಿನ ಶಾಲೆಯ ಕಾರಣಕ್ಕೆ ಎರಡು ವರ್ಷ ಅಲುಗಾಡದೆ ಇರುವುದು ನಿಮಗೇ ಮುಖ್ಯವಾದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಖರ್ಚನ್ನು ಮುಂಚೆಯೇ ವಿಚಾರಿಸಿ, ಉಳಿತಾಯದ ಲೆಕ್ಕದಲ್ಲಿ ಕಳೆದುಕೊಳ್ಳಿ. ಓನರ್ ನೋಂದಣಿಗೆ ಒಪ್ಪದಿದ್ದರೆ ಹನ್ನೊಂದು ತಿಂಗಳ ಕರಾರಿನಲ್ಲೇ ನವೀಕರಣದ ಬಾಡಿಗೆಯನ್ನೂ ರಿಯಾಯಿತಿ ಹಿಡಿದುಕೊಳ್ಳುವ ಷರತ್ತನ್ನೂ ಅಂಕಿಯಲ್ಲಿ ಬರೆಸಿ. ಅದರ ಬಲ ನೋಂದಣಿಯಷ್ಟಿಲ್ಲ ಎಂಬುದು ನೆನಪಿರಲಿ.

ಕರಾರಿನಲ್ಲಿ ಬಾಡಿಗೆ ಶುರುವಾಗುವ ದಿನವನ್ನೂ ಎಚ್ಚರದಿಂದ ಬರೆಸಬೇಕು. ಪೇಂಟಿಂಗ್ ಇನ್ನೂ ಬಾಕಿ ಇರುವ ಮನೆಗೆ ಹತ್ತನೇ ತಾರೀಖಿನಿಂದ ಎಂದು ಒಪ್ಪಿಕೊಂಡಿರುತ್ತೀರಿ, ಅದು ಮುಗಿಯುವುದು ಹದಿನೆಂಟಕ್ಕೆ, ಬಾಡಿಗೆ ಮಾತ್ರ ಹತ್ತರಿಂದಲೇ ಲೆಕ್ಕವಾಗುತ್ತದೆ. ಬೇಗ ಬರುತ್ತೇವೆ ಎಂದವರಿಗೇ ಈ ತೊಂದರೆ ಹೆಚ್ಚು. 'ಜುಲೈ 10 ಅಥವಾ ಕೆಲಸ ಪೂರ್ತಿ ಮುಗಿದು ಕೀ ಕೊಟ್ಟ ದಿನ, ಇವೆರಡರಲ್ಲಿ ಯಾವುದು ಆಮೇಲೆ ಬರುತ್ತದೋ ಆ ದಿನದಿಂದ' ಎಂಬ ಒಂದು ಸಾಲು ಈ ಜಗಳವನ್ನು ತಪ್ಪಿಸುತ್ತದೆ. ಟೋಕನ್ ಕೊಡುವಾಗಲೇ ಇದನ್ನು ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸಿ, ಓನರ್ ಸರಿ ಎಂದು ಉತ್ತರಿಸಿದ ಮೇಲೆ ಹಣ ಹಾಕಿ.

ಈ ದಾರಿ ಎಲ್ಲ ಕಡೆಯೂ ನಡೆಯುವುದಿಲ್ಲ. ಕೋವಿಡ್ ನಂತರ ಆಫೀಸುಗಳು ಮತ್ತೆ ತೆರೆದಾಗ ಬೆಂಗಳೂರಿನ ಐಟಿ ಪ್ರದೇಶಗಳಲ್ಲಿ ಬಾಡಿಗೆ ಹೇಗೆ ಏರಿತೆಂದು ಎಲ್ಲರಿಗೂ ಗೊತ್ತು. ಬಾಡಿಗೆ ಹಾಗೆ ಏರುತ್ತಿರುವಾಗ ಎರಡು ವರ್ಷ ಕಡಿಮೆ ದರಕ್ಕೆ ಕಟ್ಟಿಕೊಳ್ಳುವುದು ಓನರ್‌ಗೆ ನಷ್ಟ, ಬೇಗ ಹೋಗುವ ಬಾಡಿಗೆದಾರರೇ ಆತನಿಗೆ ಅನುಕೂಲ. ಅಂಥ ಕಡೆ ಹೆಚ್ಚು ಕಾಲದ ಮಾತನ್ನು ಬಿಟ್ಟು ದಿನಾಂಕವನ್ನಷ್ಟೇ ಮುಂದಿಡಿ. ಮನೆ ಮಾರುವ ಯೋಚನೆಯಲ್ಲಿರುವ ಓನರ್‌ಗೂ, ವಿದೇಶದಿಂದ ಬರುವ ಮಗನಿಗೆಂದು ಮನೆ ಇಟ್ಟುಕೊಂಡವರಿಗೂ ನಿಮ್ಮ ಎರಡು ವರ್ಷ ಬೇಡ. 'ಮುಂದೆ ಮನೆ ನಿಮಗೇ ಬೇಕಾಗಬಹುದಾ' ಎಂದು ಮೊದಲೇ ಕೇಳಿದರೆ ಇದು ಗೊತ್ತಾಗುತ್ತದೆ. ಇನ್ನು ಕೆಲವು ಹಿರಿಯ ಓನರುಗಳಿಗೆ ಹೆಚ್ಚು ವರ್ಷ ಇದ್ದವರು ಮನೆ ಬಿಡುವುದಿಲ್ಲ ಎಂಬ ಹಳೆಯ ಭಯ ಇರುತ್ತದೆ. ಅವರ ಎದುರು 'ಎಷ್ಟು ವರ್ಷ ಬೇಕಾದರೂ ಇರುತ್ತೇವೆ' ಎನ್ನುವುದಕ್ಕಿಂತ 'ಎರಡು ವರ್ಷ, ಆಮೇಲೆ ನೀವು ಹೇಳಿದಂತೆ, ಎರಡು ತಿಂಗಳ ನೋಟಿಸ್' ಎನ್ನುವುದು ವಾಸಿ. ಅವಧಿಗೆ ಕೊನೆ ಇದೆ ಎಂದು ಗೊತ್ತಾದರೆ ಅವರಿಗೂ ನೆಮ್ಮದಿ.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು. ಆರು ತಿಂಗಳಲ್ಲಿ ಹೋಗುವುದು ಗೊತ್ತಿದ್ದೂ ಎರಡು ವರ್ಷ ಇರುತ್ತೇವೆ ಎಂದು ಬಾಡಿಗೆ ಇಳಿಸಿಕೊಳ್ಳುವವರು ಒಬ್ಬ ಓನರ್‌ಗೆ ಮಾತ್ರ ಮೋಸ ಮಾಡುವುದಿಲ್ಲ. ಆ ಓನರ್ ಮುಂದೆ ಬರುವ ಯಾವ ಬಾಡಿಗೆದಾರನ ಮಾತನ್ನೂ ನಂಬುವುದಿಲ್ಲ, ನಿಜವಾಗಿ ಉಳಿಯುವ ಸಂಸಾರವೂ ಪೂರ್ತಿ ಬಾಡಿಗೆ ತೆರಬೇಕಾಗುತ್ತದೆ. ನಿಮ್ಮ ಕೆಲಸ, ಮಕ್ಕಳ ಓದು, ಮನೆಯವರ ಯೋಜನೆ ನೋಡಿಕೊಂಡು ಉಳಿಸಿಕೊಳ್ಳಬಲ್ಲ ಅವಧಿಯನ್ನಷ್ಟೇ ಹೇಳಿ. ಹೇಳಿದ್ದನ್ನು ಅಂಕಿ ಸಮೇತ ಕರಾರಿನಲ್ಲಿ ಬರೆಸಿ, ಬರೆಸಿದ್ದನ್ನು ಓದಿ ಸಹಿ ಹಾಕಿ.